ಐವತ್ತು ರೂಪಾಯಿ ಏರಿಸುವ ಮುನ್ನ: ಒಂದು ಬೆಲೆ ಟೆಸ್ಟ್‌ನ ಫಲಿತಾಂಶ ಓದಿದ ಕಥೆ

ಆ ಸೋಮವಾರ ಬೆಳಿಗ್ಗೆ ಡ್ಯಾಶ್‌ಬೋರ್ಡ್ ತೆರೆದಾಗ ನನಗೆ ಕಂಡದ್ದು ಎರಡು ಸಾಲು. ಮೊದಲನೆಯದು ಕೆಂಪು ಬಣ್ಣದಲ್ಲಿತ್ತು: ಕನ್ವರ್ಷನ್ 15% ಇಳಿಕೆ, ಸಿಗ್ನಿಫಿಕೆಂಟ್. ಎರಡನೆಯದು ಬೂದು ಬಣ್ಣದಲ್ಲಿತ್ತು: ಒಬ್ಬ ಭೇಟಿಗಾರನಿಂದ ಬಂದ ಆದಾಯ 6.4% ಏರಿಕೆ, ಸಿಗ್ನಿಫಿಕೆಂಟ್ ಅಲ್ಲ. ಕನ್ವರ್ಷನ್ ಎಂದರೆ ಬೆಲೆಯ ಪುಟಕ್ಕೆ ಬಂದವರಲ್ಲಿ ದುಡ್ಡು ಕಟ್ಟಿದವರ ಪ್ರಮಾಣ, ಸಿಗ್ನಿಫಿಕೆಂಟ್ ಎಂದರೆ ಬರೀ ಅದೃಷ್ಟದಿಂದ ಅಪರೂಪಕ್ಕೆ ಮಾತ್ರ ಬರುವಷ್ಟು ದೊಡ್ಡ ಅಂತರ. ಹನ್ನೊಂದು ಗಂಟೆಯ ಹೊತ್ತಿಗೆ ಆಫೀಸಿನಲ್ಲಿ ಎರಡು ಪಕ್ಷವಾಗಿತ್ತು. ಪ್ರಾಡಕ್ಟ್ ನೋಡಿಕೊಳ್ಳುವವರು ಮೊದಲ ಸಾಲು ತೋರಿಸಿ "ಬೆಲೆ ಏರಿಸಿದರೆ ಗಿರಾಕಿ ಓಡಿಹೋಗ್ತಾರೆ, ಸಾಬೀತಾಯ್ತಲ್ಲ" ಎಂದರು. ಸೇಲ್ಸ್ ನೋಡಿಕೊಳ್ಳುವವರು ಎರಡನೆಯ ಸಾಲು ಹಿಡಿದುಕೊಂಡು "ದುಡ್ಡು ಜಾಸ್ತಿ ಬಂದಿದೆ, ಇವತ್ತೇ ಎಲ್ಲರಿಗೂ ಹಾಕೋಣ" ಎಂದರು. ಮಾಲೀಕರು ನನ್ನ ಕಡೆ ತಿರುಗಿ, "ನೀವು ಹೇಳಿ, ಏರಿಸೋದಾ ಬೇಡವಾ?" ಅಂದರು. ಆ ಪ್ರಶ್ನೆಗೆ ನಾನು ಸರಿಯಾದ ಉತ್ತರ ಕೊಟ್ಟದ್ದು ಎರಡು ತಿಂಗಳ ನಂತರ. ಆ ನಡುವೆ ಏನೇನು ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಬೆಂಗಳೂರಿನ ಸಣ್ಣ ಕಂಪನಿ. ಕಿರಾಣಿ ಅಂಗಡಿ, ಮೆಡಿಕಲ್ ಶಾಪ್, ಹಾರ್ಡ್‌ವೇರ್ ಅಂಗಡಿಗಳಿಗೆ ಬಿಲ್ಲಿಂಗ್ ಆ್ಯಪ್ ಕೊಡುತ್ತೇವೆ. ತಿಂಗಳಿಗೆ 199 ರೂಪಾಯಿ, ಯುಪಿಐ ಆಟೊಪೇ ಮೂಲಕ ಕಡಿತವಾಗುತ್ತದೆ. ಸರ್ವರ್ ಖರ್ಚು, ಸಂಬಳ ಎಲ್ಲ ಏರಿದ್ದರಿಂದ ಅದನ್ನು 249 ಮಾಡಬೇಕೆಂಬ ಮಾತು ಬಂದಿತ್ತು. ನೇರವಾಗಿ ಏರಿಸುವ ಬದಲು ಸ್ಪ್ಲಿಟ್ ಟೆಸ್ಟ್ ಮಾಡೋಣ ಎಂದವನು ನಾನೇ. ಬೆಲೆಯ ಪುಟಕ್ಕೆ ಬರುವ ಹೊಸಬರಲ್ಲಿ ಅರ್ಧದಷ್ಟು ಜನರಿಗೆ 199, ಉಳಿದರ್ಧಕ್ಕೆ 249. ಯಾರಿಗೆ ಯಾವ ಬೆಲೆ ಎಂಬುದು ಚೀಟಿ ಎತ್ತಿದ ಹಾಗೆ, ಯಾದೃಚ್ಛಿಕ. ಈಗಾಗಲೇ ದುಡ್ಡು ಕಟ್ಟುತ್ತಿದ್ದ ಹಳಬರನ್ನು ಟೆಸ್ಟ್‌ಗೆ ಸೇರಿಸಲಿಲ್ಲ. ಈ ಕೊನೆಯ ವಾಕ್ಯಕ್ಕೆ ಮುಂದೆ ಮತ್ತೆ ಬರುತ್ತೇನೆ.

ಮೊದಲ ಪ್ರಯತ್ನ ಒಂದೇ ವಾರಕ್ಕೆ ನಿಂತಿತು. ಒಟ್ಟು 10 ಸಾವಿರ ಜನ ಬಂದಿದ್ದರು, 199ರ ಗುಂಪಿನಲ್ಲಿ 5,230, 249ರ ಗುಂಪಿನಲ್ಲಿ 4,770. ನೋಡಲು ಇದು ಸಣ್ಣ ವ್ಯತ್ಯಾಸ. ಆದರೆ ನಾಣ್ಯ ಚಿಮ್ಮಿ 10 ಸಾವಿರ ಜನರನ್ನು ಹಂಚಿದರೆ ಒಂದು ಬದಿ 5,000ದಿಂದ ಆಚೀಚೆ ಸಾಮಾನ್ಯವಾಗಿ ಐವತ್ತು, ಹೆಚ್ಚೆಂದರೆ ನೂರು ಸರಿಯಬೇಕು. 230 ಸರಿಯುವುದು ಲಕ್ಷಕ್ಕೊಂದು ಸಲವೂ ಆಗುವ ಮಾತಲ್ಲ. ಹುಡುಕಿದಾಗ ಕಾರಣ ಸಿಕ್ಕಿತು. ಹೊಸ ಬೆಲೆಯ ಪುಟ ಬೇರೆ ವಿಳಾಸದಲ್ಲಿತ್ತು, ಅಲ್ಲಿಗೆ ರೀಡೈರೆಕ್ಟ್ ಆಗುವಷ್ಟರಲ್ಲಿ ನಿಧಾನದ ಫೋನಿನವರು ಬೇಸತ್ತು ಹಿಂದೆ ಹೋಗುತ್ತಿದ್ದರು, ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಅಂದರೆ 249ರ ಗುಂಪಿನಲ್ಲಿ ಉಳಿದವರು ಒಳ್ಳೆಯ ಫೋನ್ ಇದ್ದವರು, ಬಹುಶಃ ಕೈಯಲ್ಲಿ ಸ್ವಲ್ಪ ಹೆಚ್ಚು ದುಡ್ಡಿದ್ದವರು. ಅಂಥ ಗುಂಪನ್ನು ಇನ್ನೊಂದಕ್ಕೆ ಹೋಲಿಸಿ ಯಾವ ಗಣಿತ ಮಾಡಿದರೂ ಪ್ರಯೋಜನವಿಲ್ಲ. ಆ ವಾರದ ಅಂಕಿಗಳನ್ನೆಲ್ಲ ಎಸೆದೆವು. ಒಂದೇ ಪುಟ, ಬೆಲೆ ಮಾತ್ರ ಸರ್ವರ್‌ನಲ್ಲೇ ತೀರ್ಮಾನವಾಗುವಂತೆ ಬದಲಿಸಿ ಮತ್ತೆ ಶುರುಮಾಡಿದೆವು. ಅಂದಿನಿಂದ ಯಾವ ಟೆಸ್ಟ್ ಇರಲಿ, ನಾನು ಮೊದಲು ನೋಡುವುದು ಎರಡು ಗುಂಪಿನ ತಲೆ ಎಣಿಕೆಯನ್ನೇ.

ಎರಡನೇ ಸಲ ನಾಲ್ಕು ವಾರ ಪೂರ್ತಿ ಓಡಿಸುವುದೆಂದು ಮೊದಲೇ ಬರೆದಿಟ್ಟೆ. ಅಂಗಡಿಯವರು ನಮ್ಮ ಆ್ಯಪ್ ಹುಡುಕಿಕೊಂಡು ಬರುವುದು ಹೆಚ್ಚಾಗಿ ಜಿಎಸ್‌ಟಿ ರಿಟರ್ನ್‌ನ ದಿನಗಳ ಸುತ್ತ, 11ನೇ ತಾರೀಕು ಮತ್ತು 20ನೇ ತಾರೀಕಿನ ಹತ್ತಿರ. ಆ ಅವಸರದಲ್ಲಿ ಬಂದವನು ಬೆಲೆಯನ್ನು ಅಷ್ಟು ನೋಡುವುದಿಲ್ಲ. ತಿಂಗಳ ಕೊನೆಯಲ್ಲಿ ನಿಧಾನವಾಗಿ ಬಂದವನು ನೋಡುತ್ತಾನೆ. ಹತ್ತು ದಿನ ಮಾತ್ರ ಓಡಿಸಿದ್ದರೆ ಒಂದು ಬಗೆಯ ಗಿರಾಕಿಯನ್ನು ಮಾತ್ರ ಅಳೆದಂತಾಗುತ್ತಿತ್ತು.

ನಡುವೆ ಇಣುಕಬಾರದೆಂದೂ ಬರೆದಿದ್ದೆ. ಐದನೇ ದಿನವೇ ಸೇಲ್ಸ್‌ನವರಿಂದ ವಾಟ್ಸ್‌ಆ್ಯಪ್‌ನಲ್ಲಿ ಸ್ಕ್ರೀನ್‌ಶಾಟ್ ಬಂತು: ಆದಾಯದ ಸಾಲು ಹಸಿರಾಗಿದೆ, ನಿಲ್ಲಿಸೋಣ ಎಂದು. ಅವರಿಗೆ ಫೋನ್ ಮಾಡಿ ಹೇಳಿದ್ದು ಇಷ್ಟು: ಸಿಗ್ನಿಫಿಕೆಂಟ್ ಎನ್ನಲು ಬಳಸುವ 5% ಎಂಬ ಗೆರೆ, ಅಂದರೆ ವ್ಯತ್ಯಾಸವಿಲ್ಲದಾಗ ಮೋಸಹೋಗುವುದು ನೂರಕ್ಕೆ ಐದೇ ಸಲ ಎಂಬ ಲೆಕ್ಕ, ಒಂದೇ ಒಂದು ಸಲ ನೋಡುವವರಿಗೆ ಮಾಡಿದ್ದು. ನಿಜವಾಗಿ ಏನೂ ವ್ಯತ್ಯಾಸವಿಲ್ಲದಿದ್ದರೂ, ಟೆಸ್ಟ್ ಓಡುವಾಗ ಸಮ ಅಂತರದಲ್ಲಿ ಐದು ಸಲ ಇಣುಕಿ, ಹಸಿರು ಕಂಡ ತಕ್ಷಣ ನಿಲ್ಲಿಸುವವರು ನೂರಕ್ಕೆ ಸುಮಾರು 14 ಸಲ ಮೋಸಹೋಗುತ್ತಾರೆ. ಅವರು ಒಪ್ಪಿದರು. ಎಂಟನೇ ದಿನಕ್ಕೆ ಆ ಹಸಿರು ತಾನಾಗಿಯೇ ಮಾಯವಾಗಿತ್ತು.

ಇನ್ನು ನಾಲ್ಕು ವಾರದ ಫಲಿತಾಂಶ. ಲೆಕ್ಕ ಹಿಡಿಯಲು ಸುಲಭವಾಗಲೆಂದು ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ. ಎರಡೂ ಗುಂಪಿಗೆ 20 ಸಾವಿರ ಜನ ಬಂದಿದ್ದರು. 199 ಕಂಡವರಲ್ಲಿ 800 ಜನ ದುಡ್ಡು ಕಟ್ಟಿದರು, ಅಂದರೆ 4%. 249 ಕಂಡವರಲ್ಲಿ 680 ಜನ, ಅಂದರೆ 3.4%.

ಕೆಂಪು ಸಾಲನ್ನು ಮೊದಲು ತೆಗೆದುಕೊಂಡೆ. ಅದರ ಪಿ-ವ್ಯಾಲ್ಯೂ 0.0015. ಇದರರ್ಥ, ಎರಡು ಬೆಲೆಗೂ ಜನ ಒಂದೇ ಥರ ಸ್ಪಂದಿಸುತ್ತಾರೆ ಎಂದಿಟ್ಟುಕೊಂಡರೆ, ಇಷ್ಟು ದೊಡ್ಡ ಅಂತರ ಬರೀ ಅದೃಷ್ಟದಿಂದ ಬರುವುದು ಸಾವಿರಕ್ಕೆ ಒಂದೆರಡು ಸಲ. ಹಾಗಾಗಿ ಜನ ಕಡಿಮೆಯಾದದ್ದು ನಿಜ, ಅದರಲ್ಲಿ ಅನುಮಾನವಿಲ್ಲ. ಆದರೆ ಬೆಲೆ ಏರಿಸಿದರೆ ಕೊಳ್ಳುವವರು ಸ್ವಲ್ಪವಾದರೂ ಕಡಿಮೆಯಾಗುತ್ತಾರೆ ಎಂಬುದು ಸಂತೆಯಲ್ಲಿ ತರಕಾರಿ ಮಾರುವವರಿಗೂ ಗೊತ್ತು. ನಮಗೆ ಬೇಕಿದ್ದದ್ದು ಎಷ್ಟು ಕಡಿಮೆಯಾದರೆ ತಡೆದುಕೊಳ್ಳಬಹುದು ಎಂಬುದು. ಅದಕ್ಕೆ ಸಂಖ್ಯಾಶಾಸ್ತ್ರವೇ ಬೇಡ. 199ನ್ನು 249ರಿಂದ ಭಾಗಿಸಿದರೆ ಸುಮಾರು 0.8 ಬರುತ್ತದೆ. ಅಂದರೆ ನೂರು ಗಿರಾಕಿಯ ಜಾಗದಲ್ಲಿ ಎಂಬತ್ತೇ ಬಂದರೂ ಮೊದಲ ತಿಂಗಳ ದುಡ್ಡು ಸಮ. ನಮಗೆ ಇಳಿದದ್ದು 15%, ತಡೆದುಕೊಳ್ಳಬಹುದಾದದ್ದು 20%. ಕೆಂಪು ಬಣ್ಣ, ಸಿಗ್ನಿಫಿಕೆಂಟ್ ಎಂಬ ಮುದ್ರೆ ಎರಡೂ ಇದ್ದರೂ ಆ ಸಾಲು ಬೆಲೆ ಏರಿಸಬೇಡಿ ಎಂದು ಹೇಳುತ್ತಿರಲಿಲ್ಲ.

ಹಾಗಾದರೆ ಬೂದು ಸಾಲು? ಸಾವಿರ ಜನ ಪುಟಕ್ಕೆ ಬಂದರೆ 199ರಲ್ಲಿ 7,960 ರೂಪಾಯಿ, 249ರಲ್ಲಿ 8,466 ರೂಪಾಯಿ. ಸಾವಿರಕ್ಕೆ 506 ರೂಪಾಯಿ ಹೆಚ್ಚು. ಇದರ ಪಿ-ವ್ಯಾಲ್ಯೂ 0.23. ಸೇಲ್ಸ್‌ನವರು ಅದನ್ನು "77% ಗ್ಯಾರಂಟಿ" ಎಂದು ಓದಿದರು. ಈ ತಪ್ಪು ನಾನು ಬಹಳ ಕಡೆ ಕಂಡಿದ್ದೇನೆ. 0.23 ಎಂದರೆ ಹೊಸ ಬೆಲೆ ಗೆಲ್ಲುವ ಸಾಧ್ಯತೆ 77% ಎಂದಲ್ಲ. ನಿಜವಾಗಿ ಯಾವ ವ್ಯತ್ಯಾಸವೂ ಇಲ್ಲದಿದ್ದಾಗಲೂ ಇಂಥ ಅಥವಾ ಇದಕ್ಕಿಂತ ದೊಡ್ಡ ಅಂತರ ನೂರಕ್ಕೆ 23 ಸಲ ಕಾಣಿಸಿಕೊಳ್ಳುತ್ತದೆ ಎಂದು ಮಾತ್ರ. ಪ್ರಾಡಕ್ಟ್‌ನವರದ್ದು ಇದರ ತದ್ವಿರುದ್ಧ ತಪ್ಪು: "ಸಿಗ್ನಿಫಿಕೆಂಟ್ ಅಲ್ಲ ಅಂದರೆ ಆದಾಯದಲ್ಲಿ ಏನೂ ಫರಕಿಲ್ಲ." ಅದೂ ಅಲ್ಲ. ಇಷ್ಟು ಜನರಿಂದ ಹೇಳಲಾಗದು ಎಂದಷ್ಟೇ ಅದರ ಅರ್ಥ.

ಪಿ-ವ್ಯಾಲ್ಯೂ ಬದಿಗಿಟ್ಟು ವ್ಯಾಪ್ತಿಯನ್ನು, ಅಂದರೆ ಕಾನ್ಫಿಡೆನ್ಸ್ ಇಂಟರ್ವಲ್ ಅನ್ನು ರೂಪಾಯಿಯಲ್ಲೇ ತೆಗೆದೆ. ನಮ್ಮ ಡ್ಯಾಶ್‌ಬೋರ್ಡ್ ಅದನ್ನು ತೋರಿಸುತ್ತಿರಲಿಲ್ಲ, ಆದರೆ ಐದು ಸಾಲಿನ ಕೆಲಸ:

```
a = 199**2 * 0.040 * 0.960 / 20000
b = 249**2 * 0.034 * 0.966 / 20000
se = (a + b) ** 0.5
diff = 249*0.034 - 199*0.040
print(diff - 1.96*se, diff + 1.96*se)
```

ಉತ್ತರ -0.32ರಿಂದ 1.33. ಇದು ಒಬ್ಬ ಭೇಟಿಗಾರನ ಲೆಕ್ಕ. ಸಾವಿರ ಜನಕ್ಕೆ ಹೇಳುವುದಾದರೆ 320 ರೂಪಾಯಿ ನಷ್ಟದಿಂದ 1,330 ರೂಪಾಯಿ ಲಾಭದವರೆಗೆ ಎಲ್ಲಿ ಬೇಕಾದರೂ ಸತ್ಯ ಇರಬಹುದು, ನಮ್ಮ ಅಂಕಿಗಳು ಅದರಲ್ಲಿ ಯಾವುದನ್ನೂ ಅಲ್ಲಗಳೆಯುವುದಿಲ್ಲ. ಈ ಒಂದು ಸಾಲನ್ನು ಬಿಳಿ ಹಲಗೆಯ ಮೇಲೆ ಬರೆದಾಗ ಮಾತಿನ ಧಾಟಿ ಬದಲಾಯಿತು. "ಸಿಗ್ನಿಫಿಕೆಂಟಾ, ಅಲ್ಲವಾ" ಎಂಬ ಜಗಳ ನಿಂತು, "320 ಕಳೆದುಕೊಂಡರೆ ನಮಗೆ ಏನಾಗುತ್ತೆ, 1,330 ಬಂದರೆ ಏನಾಗುತ್ತೆ" ಎಂಬ ಮಾತು ಶುರುವಾಯಿತು. ನಮಗೆ ತಿಂಗಳಿಗೆ ಬರುವುದು ಸುಮಾರು 40 ಸಾವಿರ ಹೊಸಬರು. ಮಧ್ಯದ ಅಂದಾಜನ್ನೇ ಹಿಡಿದರೂ ಲಾಭ 20 ಸಾವಿರ ರೂಪಾಯಿಯ ಆಸುಪಾಸು. ಮಾಲೀಕರು ಸ್ವಲ್ಪ ಹೊತ್ತು ಹಲಗೆ ನೋಡಿ, "ಸಪೋರ್ಟ್‌ಗೆ ಇನ್ನೊಬ್ಬರನ್ನ ತಗೊಂಡ್ರೆ ಇದು ಅಲ್ಲೇ ಮುಗೀತು" ಅಂದರು. ವ್ಯಾವಹಾರಿಕ ಪರಿಣಾಮ ಎಂದರೆ ಏನು ಎಂದು ನಾನು ಅರ್ಧ ಗಂಟೆ ವಿವರಿಸಿದ್ದಕ್ಕಿಂತ ಆ ಮಾತು ಚೆನ್ನಾಗಿ ಹೇಳಿತು.

ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಪಿ-ವ್ಯಾಲ್ಯೂ ಬಗ್ಗೆ ಒಂದು ಹೇಳಿಕೆ ಹೊರಡಿಸಿತ್ತು. ಅದರ ಆರು ಸೂತ್ರಗಳಲ್ಲಿ ಒಂದು, ಪಿ-ವ್ಯಾಲ್ಯೂ ಪರಿಣಾಮದ ಗಾತ್ರವನ್ನಾಗಲಿ ಫಲಿತಾಂಶದ ಮಹತ್ವವನ್ನಾಗಲಿ ಅಳೆಯುವುದಿಲ್ಲ ಎಂಬುದು. ಓದಿ ತಲೆದೂಗಿದ್ದೆ. ಅದರ ಅರ್ಥ ಮೈಗೆ ಹತ್ತಿದ್ದು ಆ ಹಲಗೆಯ ಮುಂದೆ.

ಈ ನಡುವೆ ಸಪೋರ್ಟ್‌ನ ಸಹೋದ್ಯೋಗಿಯೊಬ್ಬರು ಒಂದು ಕರೆಯ ವಿಷಯ ತಂದರು. ದಾವಣಗೆರೆಯ ಒಂದು ಮೆಡಿಕಲ್ ಶಾಪ್‌ನವರು ಫೋನ್ ಮಾಡಿದ್ದರು: "ಅಲ್ರೀ ಮೇಡಂ, ಪಕ್ಕದ ಅಂಗಡಿಯೋನಿಗೆ 199, ನನಗೆ 249 ಯಾಕ್ರೀ? ಇಬ್ರೂ ಒಂದೇ ವಾರ ತಗೊಂಡೀವಿ." ಇದಕ್ಕೆ ನಮ್ಮ ಬಳಿ ಒಳ್ಳೆಯ ಉತ್ತರ ಇರಲಿಲ್ಲ. ಅಂಗಡಿ ಸಾಲಿನಲ್ಲಿ ಕೂತವರು ಮಾತಾಡಿಕೊಳ್ಳುತ್ತಾರೆ ಎಂಬುದನ್ನು ಟೆಸ್ಟ್ ಹೂಡುವಾಗ ನಾನು ಯೋಚಿಸಬೇಕಿತ್ತು. ಕೇಳಿದವರಿಗೆ ಐವತ್ತು ರೂಪಾಯಿ ಹಿಂದಿರುಗಿಸಿ 199ಕ್ಕೆ ಇಳಿಸಿದೆವು. ಅಂಥವರು ಒಟ್ಟು ಆರೇ ಜನ. ಲೆಕ್ಕದಲ್ಲಿ ಮಾತ್ರ ಅವರನ್ನು 249ರ ಗುಂಪಿನಲ್ಲೇ ಉಳಿಸಿದೆ. ಯಾರು ಮೊದಲು ಯಾವ ಗುಂಪಿಗೆ ಬಿದ್ದರೋ ಅಲ್ಲೇ ಎಣಿಸಬೇಕು, ದೂರಿದವರನ್ನು ಎತ್ತಿ ಆಚೆ ಹಾಕಿದರೆ 249ರ ಗುಂಪಿನಲ್ಲಿ ದೂರು ಹೇಳದವರೇ ಉಳಿದು ಅದು ಸುಳ್ಳಾಗಿ ಚೆಂದ ಕಾಣುತ್ತದೆ.

ಆ ಕರೆಯಿಂದಲೇ ನನಗೆ ಇನ್ನೊಂದು ಯೋಚನೆ ಬಂದದ್ದು. ಅವರು ಫೋನ್ ಮಾಡಿದ್ದು ಮೊದಲ ಸಲ ದುಡ್ಡು ಕಟ್ಟಿದಾಗ ಅಲ್ಲ, ಎರಡನೇ ತಿಂಗಳ ಕಡಿತಕ್ಕೆ ಮುನ್ನ ಬರುವ ಮೆಸೇಜ್ ನೋಡಿದಾಗ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಆಟೊಪೇ ಕಡಿತಕ್ಕೆ 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಬೇಕು. ಅಂದರೆ ನಮ್ಮ ಗಿರಾಕಿ ಪ್ರತಿ ತಿಂಗಳೂ ಒಮ್ಮೆ ಬೆಲೆಯನ್ನು ಹೊಸದಾಗಿ ನೋಡುತ್ತಾನೆ, ಬೇಕೋ ಬೇಡವೋ ಎಂದು ಮತ್ತೆ ತೀರ್ಮಾನಿಸುತ್ತಾನೆ. ನಾನು ಅಳೆದದ್ದು ಮೊದಲ ತೀರ್ಮಾನವನ್ನು ಮಾತ್ರ. ತಿಂಗಳ ಚಂದಾ ವ್ಯವಹಾರದಲ್ಲಿ ಮೊದಲ ತಿಂಗಳ ಆದಾಯ ನೋಡಿ ಬೆಲೆ ತೀರ್ಮಾನಿಸುವುದು, ಮದುವೆ ಊಟದ ಮೊದಲ ಪಂಕ್ತಿ ಎಣಿಸಿ ಬಂದ ನೆಂಟರೆಷ್ಟು ಎಂದು ಹೇಳಿದ ಹಾಗೆ.

ಮಾಲೀಕರ ಹತ್ತಿರ ಎರಡು ತಿಂಗಳ ಸಮಯ ಕೇಳಿದೆ. ಹೊಸಬರಿಗೆಲ್ಲ ಸದ್ಯ 199 ಇರಲಿ, ಟೆಸ್ಟ್‌ನಲ್ಲಿದ್ದ 1,480 ಜನ ಅವರವರ ಬೆಲೆಯಲ್ಲೇ ಮುಂದುವರಿಯಲಿ, ಮೂರನೇ ಕಂತಿನವರೆಗೆ ನೋಡೋಣ ಎಂದೆ. ಅವರಿಗೆ ಇಷ್ಟವಿರಲಿಲ್ಲ, ಆದರೂ ಒಪ್ಪಿದರು.

ಎರಡನೇ ತಿಂಗಳ ಲೆಕ್ಕ ಬಂತು. 199ರ 800 ಜನರಲ್ಲಿ 656 ಜನ ಮುಂದುವರಿದರು, 249ರ 680ರಲ್ಲಿ 530. ಬಿಟ್ಟುಹೋದವರು ಇಲ್ಲಿ 144, ಅಲ್ಲಿ 150. "ಹೆಚ್ಚುಕಮ್ಮಿ ಅಷ್ಟೇ ಜನ ಬಿಟ್ಟಿದ್ದಾರಲ್ಲ" ಎಂದು ಸೇಲ್ಸ್‌ನವರು ಸಮಾಧಾನಪಟ್ಟರು. ಆದರೆ 150 ಹೋದದ್ದು ಚಿಕ್ಕ ಗುಂಪಿನಿಂದ. ಉಳಿದವರ ಪ್ರಮಾಣ 199ರಲ್ಲಿ 82%, 249ರಲ್ಲಿ 78%. ಈ ನಾಲ್ಕು ಅಂಶದ ಅಂತರದ ಪಿ-ವ್ಯಾಲ್ಯೂ ತೆಗೆದರೆ ಬಂದದ್ದು 0.052.

ಈ 0.052ರ ಮುಂದೆ ನಾನು ತುಂಬ ಹೊತ್ತು ಕೂತೆ. ಗೆರೆ 0.05. ಡ್ಯಾಶ್‌ಬೋರ್ಡ್ ಅದಕ್ಕೆ ಬೂದು ಬಣ್ಣ ಹಚ್ಚಿ ಸುಮ್ಮನಾಗಿತ್ತು. ಸಾವಿರದಲ್ಲಿ ಎರಡು ಮೂರು ಅಂಶದಷ್ಟು ಕಡಿಮೆಯಿದ್ದರೆ ಅದೇ ಅಂಕಿ ಕೆಂಪಾಗಿ ಎಲ್ಲರ ಗಮನ ಸೆಳೆಯುತ್ತಿತ್ತು. ಆ ಗೆರೆಗೆ ಪ್ರಕೃತಿಯ ಆಧಾರವೇನೂ ಇಲ್ಲ, ರೊನಾಲ್ಡ್ ಫಿಶರ್ 1920ರ ದಶಕದಲ್ಲಿ ಅನುಕೂಲಕ್ಕೆಂದು ಬಳಸಿದ ಅಂಕಿ ಅದು. ಗೆರೆಯ ಆಚೆ ಬಿತ್ತೆಂದು ಈ ಇಳಿಕೆಯನ್ನು ಇಲ್ಲವೆನ್ನುವುದು ನನ್ನಿಂದಾಗಲಿಲ್ಲ. ಅದರಲ್ಲೂ, ಮೊದಲಿನ 0.0015ಕ್ಕಿಂತ ನಮ್ಮ ವ್ಯವಹಾರಕ್ಕೆ ಹೆಚ್ಚು ಹತ್ತಿರದ ಪ್ರಶ್ನೆ ಇದೇ ಆಗಿತ್ತು: ಬಂದವರು ಉಳಿಯುತ್ತಾರೆಯೇ?

ಬಿಟ್ಟವರನ್ನು ಎರಡು ಭಾಗ ಮಾಡಿದೆ. ಒಂದು, ಖಾತೆಯಲ್ಲಿ ದುಡ್ಡಿಲ್ಲದೆ ಕಡಿತ ವಿಫಲವಾದವರು. ಎರಡು, ತಾವೇ ಆಟೊಪೇ ರದ್ದು ಮಾಡಿದವರು. ಕಡಿತ ವಿಫಲವಾದದ್ದು ಎರಡೂ ಕಡೆ 7%ದ ಹತ್ತಿರ, ವ್ಯತ್ಯಾಸವೇ ಇಲ್ಲ. ತಾವೇ ರದ್ದು ಮಾಡಿದವರು 199ರಲ್ಲಿ 11%, 249ರಲ್ಲಿ ಸುಮಾರು 15%. ಇಳಿಕೆ ಪೂರ್ತಿ ಇಲ್ಲಿಂದಲೇ ಬಂದಿತ್ತು. ಇದನ್ನೇ ಪ್ರತ್ಯೇಕವಾಗಿ ಪರೀಕ್ಷಿಸಿದರೆ 0.028 ಬರುತ್ತದೆ, ಗೆರೆಯ ಒಳಗೆ. ಆದರೆ ಆ ಅಂಕಿಯನ್ನು ನಾನು ವರದಿಯಲ್ಲಿ ಸಾಕ್ಷಿಯಾಗಿ ಇಡಲಿಲ್ಲ. ಫಲಿತಾಂಶ ನೋಡಿದ ಮೇಲೆ, ಹೀಗೆ ಸೀಳಿದರೆ ಹೇಗೆ ಎಂದು ಯೋಚಿಸಿ ತೆಗೆದದ್ದು ಅದು. ಹಾಗೆ ಹುಡುಕುತ್ತಾ ಹೋದರೆ ಒಂದಲ್ಲ ಒಂದು ಕಡೆ 0.05ಕ್ಕಿಂತ ಕಡಿಮೆ ಸಿಕ್ಕೇ ಸಿಗುತ್ತದೆ. ಅದು ನನಗೆ ಕಾರಣದ ಸುಳಿವು ಕೊಟ್ಟಿತು, ಅಷ್ಟಕ್ಕೇ ಇಟ್ಟುಕೊಂಡೆ.

ಇದೇ ಮಾತನ್ನು ಇನ್ನೊಬ್ಬರಿಗೂ ಹೇಳಬೇಕಾಯಿತು. ಸೇಲ್ಸ್‌ನವರು ಅಂಗಡಿಯ ಬಗೆ ಬಗೆಯಾಗಿ ಎಂಟು ಗುಂಪು ಮಾಡಿ, "ನೋಡಿ, ಹಾರ್ಡ್‌ವೇರ್ ಅಂಗಡಿಗಳಲ್ಲಿ 249 ಸಿಗ್ನಿಫಿಕೆಂಟ್ ಆಗಿ ಗೆದ್ದಿದೆ, ಅವರಿಗೆ ಮಾತ್ರ ಏರಿಸೋಣ" ಎಂದು ಬಂದರು. ಏನೂ ಇಲ್ಲದ ಕಡೆ ಎಂಟು ಸಲ ಹುಡುಕಿದರೆ ಒಂದಾದರೂ ಸುಳ್ಳು ಗೆಲುವು ಸಿಗುವ ಸಾಧ್ಯತೆ ಮೂರರಲ್ಲೊಂದು. ಹಾರ್ಡ್‌ವೇರ್ ಅಂಗಡಿಗಳು ನಿಜವಾಗಿ ಬೇರೆ ಇರಲೂಬಹುದು. ಹಾಗಿದ್ದರೆ ಅವರಿಗಾಗಿಯೇ ಹೊಸ ಟೆಸ್ಟ್ ಹೂಡಿ ನೋಡೋಣ, ಇದೇ ಅಂಕಿಯಿಂದ ಊಹೆಯನ್ನೂ ಹುಟ್ಟಿಸಿ ಅದೇ ಅಂಕಿಯಿಂದ ಸಾಬೀತೂ ಮಾಡುವುದು ಬೇಡ ಎಂದೆ.

ಮೂರನೇ ಕಂತಿಗೆ 199ರಲ್ಲಿ 590 ಜನ ಉಳಿದಿದ್ದರು, 249ರಲ್ಲಿ 461. ಈಗ ದುಡ್ಡಿನ ಲೆಕ್ಕ ತಿಂಗಳು ತಿಂಗಳಾಗಿ ಹಾಕಿದೆ. ಮೊದಲ ತಿಂಗಳು 249ರ ಗುಂಪು 10,120 ರೂಪಾಯಿ ಮುಂದಿತ್ತು. ಎರಡನೇ ತಿಂಗಳು ಆ ಮುನ್ನಡೆ ಬರೀ 1,426. ಮೂರನೇ ತಿಂಗಳು ಅದೇ ಗುಂಪು 2,621 ರೂಪಾಯಿ ಹಿಂದೆ ಬಿತ್ತು. ಮೂರೂ ಸೇರಿಸಿದರೆ ಇನ್ನೂ 8,925 ಮುಂದಿದೆ, ಅಂದರೆ 2.2% ಲಾಭ. ಮೊದಲು ಕಂಡ 6.4% ಇಷ್ಟಕ್ಕೆ ಕರಗಿತ್ತು. ಮೂರನೇ ತಿಂಗಳಲ್ಲಿ ಕಂಡ ಪ್ರಮಾಣದಲ್ಲೇ, ಅಂದರೆ 199ರಲ್ಲಿ ನೂರಕ್ಕೆ 90, 249ರಲ್ಲಿ ನೂರಕ್ಕೆ 87 ಜನ ಉಳಿಯುತ್ತಾ ಹೋದರೆ, ಐದನೇ ತಿಂಗಳಿಗೆ ಒಟ್ಟು ಲೆಕ್ಕದಲ್ಲೂ 249 ಹಿಂದೆ ಬೀಳುತ್ತದೆ. ಆ ಐದನೇ ತಿಂಗಳು ನನ್ನ ಅಂದಾಜು, ಅಳೆದದ್ದಲ್ಲ. ವರದಿಯಲ್ಲಿ ಅದನ್ನು ಬೇರೆ ಬಣ್ಣದಲ್ಲಿ ಗುರುತುಮಾಡಿದೆ.

ಮೂರು ತಿಂಗಳ ಆದಾಯದ ವ್ಯಾಪ್ತಿಯನ್ನೂ ತೆಗೆದೆ. ಸಾವಿರ ಭೇಟಿಗೆ 1,730 ರೂಪಾಯಿ ನಷ್ಟದಿಂದ 2,620 ರೂಪಾಯಿ ಲಾಭದವರೆಗೆ. 199ರಲ್ಲಿ ಸಾವಿರ ಭೇಟಿಗೆ ಮೂರು ತಿಂಗಳಲ್ಲಿ ಬರುವುದೇ ಸುಮಾರು 20,360. ಅಂದರೆ 8% ಕಳೆದುಕೊಳ್ಳುವುದರಿಂದ 13% ಗಳಿಸುವವರೆಗೆ ಬಾಗಿಲು ತೆರೆದೇ ಇತ್ತು. ನಾಲ್ಕು ವಾರ ಟೆಸ್ಟ್, ಎರಡು ತಿಂಗಳು ಕಾಯುವಿಕೆ ಆದ ಮೇಲೂ ಅಷ್ಟು ಅಗಲ.

ಇಲ್ಲಿ ನನ್ನ ತಪ್ಪು ಹೇಳಲೇಬೇಕು. ಟೆಸ್ಟ್‌ಗೆ ಮುಂಚೆಯೇ ಮಾಲೀಕರನ್ನು ಕೂರಿಸಿಕೊಂಡು, "ಎಷ್ಟು ಲಾಭವಾದರೆ ಈ ಬದಲಾವಣೆಯ ತಾಪತ್ರಯ ತಗೊಳ್ಳೋಕೆ ಲಾಯಕ್ಕು?" ಎಂದು ಕೇಳಬೇಕಿತ್ತು. ಕೇಳಿರಲಿಲ್ಲ. ಈಗ ಕೇಳಿದೆ. "ಐದು ಪರ್ಸೆಂಟ್ ಆದರೂ ಬೇಕು" ಎಂದರು. ಮೂರು ತಿಂಗಳ ಆದಾಯದಲ್ಲಿ 5% ಏರಿಕೆ ನಿಜವಾಗಿದ್ದರೆ ಅದನ್ನು ಐದಕ್ಕೆ ನಾಲ್ಕು ಸಲವಾದರೂ ಹಿಡಿಯಲು ಎಷ್ಟು ಜನ ಬೇಕು ಎಂದು ಲೆಕ್ಕ ಹಾಕಿದೆ. ಒಂದೊಂದು ಗುಂಪಿಗೆ ಸುಮಾರು 1.87 ಲಕ್ಷ. ನಮ್ಮಲ್ಲಿ ಬರುವುದು ತಿಂಗಳಿಗೆ ಎರಡೂ ಸೇರಿ 40 ಸಾವಿರ. ಒಂಬತ್ತು ತಿಂಗಳಿಗೂ ಹೆಚ್ಚು ಬೇಕು. ಅಂದರೆ ನಾವು ಮಾಡಿದ ಟೆಸ್ಟ್, ನಮಗೆ ಬೇಕಿದ್ದ ಪ್ರಶ್ನೆಗೆ ಉತ್ತರ ಕೊಡಲು ಮೊದಲ ದಿನದಿಂದಲೂ ಚಿಕ್ಕದಾಗಿತ್ತು. ಕನ್ವರ್ಷನ್ ಇಳಿಕೆ ಹಿಡಿಯಲು ಸಾಕಾಗುವಷ್ಟು ಇತ್ತು, ಆದಾಯದ ಏರಿಕೆ ಹಿಡಿಯಲು ಸಾಲದು. ಆದಾಯದಲ್ಲಿ ಏರಿಳಿತ ಹೆಚ್ಚು, ಜೊತೆಗೆ ಬೆಲೆ ಏರಿಕೆ ಮತ್ತು ಜನರ ಇಳಿಕೆ ಒಂದನ್ನೊಂದು ತಿಂದುಹಾಕುವುದರಿಂದ ಉಳಿಯುವ ಅಂತರ ಸಣ್ಣದು. ತಿಂಗಳ ಚಂದಾ ಬೆಲೆಯನ್ನು ಪರೀಕ್ಷಿಸುವ ಸಣ್ಣ ಕಂಪನಿಗಳಿಗೆಲ್ಲ ಈ ತೊಡಕು ಬಂದೇ ಬರುತ್ತದೆ.

ತೀರ್ಮಾನದ ಸಭೆಯಲ್ಲಿ ಮಾಲೀಕರು ಕೊನೆಯ ವಾದ ಮುಂದಿಟ್ಟರು. "ಹೊಸಬರ ಕಥೆ ಬಿಡಿ. ನಮ್ಮ 6,000 ಹಳಬರಿಗೆ ಏರಿಸಿದರೆ ತಿಂಗಳಿಗೆ ಮೂರು ಲಕ್ಷ ಜಾಸ್ತಿ ಬರುತ್ತಲ್ಲ?" ಗುಣಾಕಾರ ಸರಿಯೇ, 6,000ವನ್ನು 50ರಿಂದ ಗುಣಿಸಿದರೆ ಅಷ್ಟೇ. ಆದರೆ ಹಳಬರಲ್ಲಿ ಒಬ್ಬರೂ ಟೆಸ್ಟ್‌ನಲ್ಲಿ ಇರಲಿಲ್ಲ. 249ನ್ನು ಮೊದಲ ಸಲ ನೋಡುವವನಿಗೂ, ಎರಡು ವರ್ಷ 199 ಕಟ್ಟಿದವನಿಗೆ 249 ಕೇಳುವುದಕ್ಕೂ ಅಜಗಜಾಂತರ. ಅದಕ್ಕಿಂತ ಗಟ್ಟಿಯಾದ ತೊಡಕು ಇನ್ನೊಂದಿತ್ತು. ಹಳಬರ ಆಟೊಪೇ ಮ್ಯಾಂಡೇಟ್‌ಗಳು, ಅಂದರೆ ಕಡಿತಕ್ಕೆ ಅವರು ಮೊದಲೇ ಕೊಟ್ಟಿದ್ದ ಒಪ್ಪಿಗೆಗಳು, ಗರಿಷ್ಠ 199 ಎಂದೇ ನೋಂದಾಯಿತವಾಗಿದ್ದವು. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕಡಿತ ಮಾಡಬೇಕಾದರೂ ಪ್ರತಿಯೊಬ್ಬರೂ ಹೊಸದಾಗಿ ಒಪ್ಪಿಗೆ ಕೊಟ್ಟು ಯುಪಿಐ ಪಿನ್ ಒತ್ತಬೇಕು. ಬೆಲೆ ಇಷ್ಟವಾಗದೆ ಬಿಡುವವರು ಒಂದು ಕಡೆ, ಆ ಮೆಸೇಜ್ ನೋಡದೆ, ನೋಡಿದರೂ ಆಮೇಲೆ ಮಾಡೋಣ ಎಂದು ಮರೆತು ಕೈತಪ್ಪುವವರು ಇನ್ನೊಂದು ಕಡೆ. 6,000ದಲ್ಲಿ 1,204ಕ್ಕಿಂತ ಹೆಚ್ಚು ಜನ ಹೀಗೆ ಕಳಚಿಕೊಂಡರೆ ಏರಿಸಿದ್ದೇ ನಷ್ಟ. ಅಷ್ಟು ಜನ ಕಳಚಿಕೊಳ್ಳುತ್ತಾರೋ ಇಲ್ಲವೋ ಎಂಬುದಕ್ಕೆ ನಮ್ಮ ಟೆಸ್ಟ್‌ನಲ್ಲಿ ಒಂದೇ ಒಂದು ಅಂಕಿ ಇರಲಿಲ್ಲ. ಹೊಸಬರಿಗೆ ಬೆಲೆ ಏರಿಸಿ ಕೈಸುಟ್ಟುಕೊಂಡರೆ ಮರುದಿನವೇ ಇಳಿಸಬಹುದು. ಹೋದ ಮ್ಯಾಂಡೇಟ್ ಹಾಗೆ ವಾಪಸ್ಸು ಬರುವುದಿಲ್ಲ.

ನಾನು ಬರೆದ ಟಿಪ್ಪಣಿ ಒಂದೇ ಪುಟದ್ದು. 249 ಈಗ ಬೇಡ. ಮೊದಲ ತಿಂಗಳ ಲಾಭ ಮೂರನೇ ತಿಂಗಳಿಗೆ ಕರಗುತ್ತಿದೆ, ಉಳಿದಿರುವ ಅಂದಾಜು 2.2% ಮಾಲೀಕರು ಕೇಳಿದ 5% ಲಾಭಕ್ಕಿಂತ ಕೆಳಗೆ, ಪ್ರತಿ ತಿಂಗಳೂ ಹಾದಿ ಕೆಳಮುಖ. ನಷ್ಟವಾಗುತ್ತದೆ ಎಂದು ಸಾಬೀತಾಗಿಲ್ಲ. ಏರಿಸಲು ಸಾಕಾಗುವಷ್ಟು ಲಾಭ ಇದೆ ಎಂದೂ ಸಾಬೀತಾಗಿಲ್ಲ. ಮುಂದಿನ ಟೆಸ್ಟ್ 219 ರೂಪಾಯಿಗೆ ಬೇಡ, ಅಷ್ಟು ಸಣ್ಣ ಅಂತರವನ್ನು ನಮ್ಮ ಭೇಟಿಗಾರರ ಸಂಖ್ಯೆಯಲ್ಲಿ ಹಿಡಿಯಲಾಗದು. ಬದಲಿಗೆ ವಾರ್ಷಿಕ ಪ್ಲಾನ್‌ನಂಥ ದೊಡ್ಡ ಬದಲಾವಣೆ ಪರೀಕ್ಷಿಸೋಣ. ಬೇಕಾದ ಲಾಭ 10% ಎಂದು ಮೊದಲೇ ಬರೆಯೋಣ. ಈ ಸಲದ ಏರಿಳಿತವನ್ನೇ ಆಧಾರವಾಗಿಟ್ಟುಕೊಂಡರೆ ಅದಕ್ಕೆ ಗುಂಪಿಗೆ ಸುಮಾರು 47 ಸಾವಿರ ಜನ ಸಾಕು, ಎರಡೂವರೆ ತಿಂಗಳೊಳಗೆ ಬರುತ್ತಾರೆ.

ಮಾಲೀಕರು ಓದಿ ಕೊನೆಗೆ ಕೇಳಿದ ಪ್ರಶ್ನೆ ಟಿಪ್ಪಣಿಯಲ್ಲಿ ಇರಲಿಲ್ಲ: "ಹಾಗಾದ್ರೆ ಈಗ 249 ಕಟ್ತಿರೋ 461 ಜನರನ್ನ ಏನ್ ಮಾಡೋದು?" ನಾನು ಅವರನ್ನು ಅಂಕಿಯಾಗಿಯೇ ನೋಡಿದ್ದೆ. ದಾವಣಗೆರೆಯವರ ಮಾತು ನೆನಪಾಯಿತು. ಅವರಿಗೂ 199 ಮಾಡೋಣ ಎಂದೆ. ತಿಂಗಳಿಗೆ 23 ಸಾವಿರ ರೂಪಾಯಿ ಬಿಡಬೇಕಾಗುತ್ತದೆ ಎಂದೂ ಹೇಳಿದೆ. ಅವರ ಮ್ಯಾಂಡೇಟ್ ಗರಿಷ್ಠ 249ರದ್ದಾದ್ದರಿಂದ ಕಡಿಮೆ ಕಡಿತ ಮಾಡಲು ಹೊಸ ಒಪ್ಪಿಗೆ ಬೇಕಿರಲಿಲ್ಲ. ಆ ವಾರವೇ ಸಪೋರ್ಟ್‌ನವರು ಕನ್ನಡದಲ್ಲಿ ಎರಡು ಸಾಲಿನ ಮೆಸೇಜ್ ಬರೆದು ಕಳಿಸಿದರು: ಮುಂದಿನ ತಿಂಗಳಿನಿಂದ ನಿಮ್ಮ ಚಂದಾ 199 ರೂಪಾಯಿ, ನೀವು ಏನೂ ಮಾಡಬೇಕಾಗಿಲ್ಲ.